ಎಐ ಬಳಸಿದ್ದನ್ನು ಪಾರ್ಟಿಗೆ ಎಷ್ಟು ಹೇಳಬೇಕು? ಒಂದು ಗೇರುಬೀಜದ ಪ್ಯಾಕೆಟ್ ಕೆಲಸ ಇಟ್ಟುಕೊಂಡು ಹಂತ ಹಂತವಾಗಿ

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಮನೆಯಲ್ಲೇ ಕೂತು ಡಿಸೈನ್ ಮತ್ತು ಬರವಣಿಗೆ ಕೆಲಸ ಮಾಡುವವರು ನನ್ನನ್ನು ಈಗ ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. "ನಾನು ಎಐ ಬಳಸ್ತೇನೆ. ಅದನ್ನು ಪಾರ್ಟಿಗೆ ಹೇಳಬೇಕಾ? ಹೇಳಿದ್ರೆ ರೇಟ್ ಕಡಿಮೆ ಮಾಡಿ ಅಂತಾರೆ. ಹೇಳದಿದ್ರೆ ಮೋಸ ಮಾಡಿದ ಹಾಗೆ ಅನಿಸ್ತದೆ."

ಎಲ್ಲವನ್ನೂ ಹೇಳಬೇಕಾಗಿಲ್ಲ. ಆದರೆ ಕೆಲವನ್ನು ಹೇಳದೆ ಇರುವ ಹಾಗಿಲ್ಲ. ಇವೆರಡನ್ನು ಬೇರೆ ಮಾಡಲು ನಾನು ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ನೀವು ಮಾಡಿಕೊಟ್ಟ ಕೆಲಸವನ್ನು ನಂಬಿ ನಿಮ್ಮ ಪಾರ್ಟಿ ಮುಂದೆ ಇನ್ಯಾರಿಗೋ ಮಾತು ಕೊಡುತ್ತಾರೆ. "ಈ ಚಿತ್ರ ನಮ್ಮದು" ಅನ್ನುತ್ತಾರೆ. "ಪ್ಯಾಕೆಟ್ ಮೇಲೆ ಕಾಣುವುದೇ ಒಳಗೆ ಉಂಟು" ಅನ್ನುತ್ತಾರೆ. "ನಿಮ್ಮ ರೇಟ್ ಹೊರಗೆ ಹೋಗುವುದಿಲ್ಲ" ಅನ್ನುತ್ತಾರೆ. ಎಐ ಬಳಸಿದ್ದರಿಂದ ಆ ಮಾತು ಸುಳ್ಳಾಗುವ ಸಾಧ್ಯತೆ ಇದ್ದರೆ ಪಾರ್ಟಿಗೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ನೀವು ಯಾವ ಸಾಫ್ಟ್‌ವೇರ್ ಬಳಸಿದಿರಿ ಅನ್ನುವುದು ನಿಮ್ಮ ಕೆಲಸದ ರೀತಿ, ಅಷ್ಟೇ. ಕೇಳಿದರೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಮಾದರಿಗೆ ನಾನು ಮಾಡಿದ ಒಂದು ಕೆಲಸವನ್ನೇ ತೆಗೆದುಕೊಳ್ಳುತ್ತೇನೆ. ಕಾರ್ಕಳದ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯವರದು. ಲೋಗೋ, ಮೂರು ಅಳತೆಯ ಪ್ಯಾಕೆಟ್, 12 ಪುಟದ ಕೆಟಲಾಗ್, ಕನ್ನಡ ಮತ್ತು ಇಂಗ್ಲಿಷ್ ಬರಹ. ಒಟ್ಟು 48,000 ರೂಪಾಯಿಗೆ ಮಾತಾಗಿತ್ತು. ಮಾಲು ಇಲ್ಲಿನ ಅಂಗಡಿಗಳಿಗೂ ಹೋಗುತ್ತದೆ, ಅಮೆರಿಕದ ಒಬ್ಬ ಬಯ್ಯರಿಗೂ ಹೋಗುತ್ತದೆ.

ಹಂತ 1: ಕೆಲಸ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಕೇಳಿ

ನಮ್ಮ ಕಡೆ ಹೆಚ್ಚಿನ ಕೆಲಸ ವಾಟ್ಸಾಪ್‌ನಲ್ಲೇ ಶುರುವಾಗುತ್ತದೆ. ಕರಾರು ಪತ್ರ ಇರುವುದಿಲ್ಲ. ಹಾಗಾಗಿ ನೀವೇ ಬಾಯಿಬಿಟ್ಟು ಕೇಳಬೇಕು. ನಾನು ಕೇಳುವುದು ಇಷ್ಟು: ಇದನ್ನು ಯಾವ ಯಾವ ದೇಶದಲ್ಲಿ ಬಳಸುತ್ತೀರಿ? ಬಯ್ಯರ್ ಜೊತೆ ಕರಾರು ಇದೆಯಾ, ಅದರಲ್ಲಿ ಎಐ ಬಗ್ಗೆ ಅಥವಾ ಸ್ವಂತ ಕೃತಿ ಎಂಬ ಬಗ್ಗೆ ಷರತ್ತು ಇದೆಯಾ? ನೀವು ಕೊಡುವ ಕಾಗದಗಳಲ್ಲಿ ಹೊರಗೆ ಹೋಗಬಾರದ್ದು ಯಾವುದು?

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಈ ಕೆಲಸದಲ್ಲಿ ಮಾಲೀಕರು ಕೆಟಲಾಗಿಗೆ ಬೇಕಾದ ವಿವರ ಅಂತ ಒಂದು ಪಿಡಿಎಫ್ ಕಳಿಸಿದರು. ತೆರೆದರೆ ಅದರಲ್ಲಿ ಗ್ರೇಡ್ ವಿವರದ ಜೊತೆ ಬಯ್ಯರ್ ಹೆಸರು, ಡಾಲರ್ ರೇಟ್ ಎಲ್ಲ ಇತ್ತು. ಅವರಿಗೆ ಬೇರೆ ಮಾಡಿ ಕೊಡಲು ಪುರುಸೊತ್ತು ಇರಲಿಲ್ಲ. ಅದನ್ನು ಹಾಗೆಯೇ ಎಐಗೆ ಹಾಕಿ "ಇದರಿಂದ ಕೆಟಲಾಗ್ ಬರೆ" ಅಂದಿದ್ದರೆ ಅವರ ವ್ಯಾಪಾರದ ಗುಟ್ಟು ನನ್ನ ಕೈಯಿಂದಲೇ ಹೊರಗೆ ಹೋಗುತ್ತಿತ್ತು.

ನೀವು ಬೆಂಗಳೂರಿನ ಯಾವುದಾದರೂ ಏಜೆನ್ಸಿಗೆ ಉಪಗುತ್ತಿಗೆ ಮಾಡುವವರಾದರೆ ಇದೇ ಪ್ರಶ್ನೆಗಳನ್ನು ಏಜೆನ್ಸಿಗೆ ಕೇಳಿ. ಅವರು ತಮ್ಮ ಗ್ರಾಹಕರಿಗೆ ಏನು ಸಹಿ ಹಾಕಿಕೊಟ್ಟಿದ್ದಾರೋ ಅದು ನಿಮ್ಮ ತಲೆ ಮೇಲೂ ಬರುತ್ತದೆ.

ಹಂತ 2: ಎಲ್ಲಿ ಏನು ಬಳಸಿದಿರಿ ಎಂದು ಆಗಾಗಲೇ ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಕೆಲಸ ಮುಗಿದ ಮೇಲೆ ನೆನಪು ಮಾಡಿ ಬರೆಯುತ್ತೇನೆ ಅಂದರೆ ಆಗುವುದಿಲ್ಲ, ಎರಡೇ ವಾರದಲ್ಲಿ ಮರೆತುಹೋಗುತ್ತದೆ. ಗೇರುಬೀಜದ ಕೆಲಸದಲ್ಲಿ ನನ್ನ ನೋಟ್‌ಬುಕ್‌ನಲ್ಲಿ ಇದ್ದದ್ದು ಹೀಗೆ:

- ಲೋಗೋ: ಎಐಯಿಂದ ಸುಮಾರು 20 ಕಚ್ಚಾ ಯೋಚನೆ. ಒಂದನ್ನೂ ಬಳಸಿಲ್ಲ. ಕಾಗದದ ಮೇಲೆ ಬಿಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಗೆರೆ ಎಳೆದದ್ದು.
- ಪ್ಯಾಕೆಟ್ ಮುಖದ ಚಿತ್ರ: ಗೇರುಮರ, ಹಣ್ಣು. ಮೊದಲು ಎಐ ಚಿತ್ರ.
- ಫೋಟೋ: ನಾವೇ ತೆಗೆದದ್ದು. ಹಿನ್ನೆಲೆ ಎಐಯಿಂದ ಬದಲು.
- ಕೆಟಲಾಗ್ ಬರಹ: ಕರಡು ಎಐ, ತಿದ್ದಿದ್ದು ನಾನು.
- ದರಪಟ್ಟಿ: ಎಐಗೆ ಹಾಕಿಲ್ಲ. ಗ್ರೇಡ್ ವಿವರ ಮಾತ್ರ ಕೈಯಲ್ಲಿ ಟೈಪ್ ಮಾಡಿದ್ದು.

ಹಂತ 3: ಒಂದೊಂದನ್ನೂ ಅಳತೆಗೆ ಹಾಕಿ ನೋಡಿ

ಇಲ್ಲಿ ಅವಸರ ಮಾಡಬೇಡಿ. ಹೇಳುವುದೋ ಬಿಡುವುದೋ ಎಂಬುದು ಇಲ್ಲೇ ತೀರ್ಮಾನ ಆಗಬೇಕು.

ಲೋಗೋ ಸುಲಭ. ಎಐ ತೋರಿಸಿದ್ದನ್ನು ನೋಡಿ ಪಕ್ಕಕ್ಕಿಟ್ಟು ನಾನೇ ಬಿಡಿಸಿದೆ. ಹಳೆಯ ಪ್ಯಾಕೆಟ್‌ಗಳನ್ನು ನೋಡಿ ಯೋಚನೆ ಮಾಡಿದ ಹಾಗೆಯೇ ಇದೂ. ಮಾಲೀಕರು "ಈ ಲೋಗೋ ನಮ್ಮದು" ಅಂದರೆ ಅದು ನಿಜ. ಪ್ರತ್ಯೇಕವಾಗಿ ಹೇಳಲೇಬೇಕು ಅಂತಿಲ್ಲ.

ಪ್ಯಾಕೆಟ್ ಮುಖದ ಚಿತ್ರ ಹಾಗಲ್ಲ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದನ್ನು ಮಾಡಿಸಿದ ವ್ಯಕ್ತಿಯೇ ಕರ್ತೃ ಎಂಬ ಮಾತು ಇದೆ. ಆದರೆ ಅದು ಈಗಿನ ಎಐ ಬರುವುದಕ್ಕೆ ಎಷ್ಟೋ ಮೊದಲು ಬರೆದದ್ದು. ಅಮೆರಿಕದಲ್ಲಿ ನಿಲುವು ಬಿಗಿಯಾಗಿದೆ. 2023ರ ಫೆಬ್ರವರಿಯಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಒಂದು ಚಿತ್ರಕಥೆ ಪುಸ್ತಕದ ಬರಹಕ್ಕೆ ಮತ್ತು ಜೋಡಣೆಗೆ ಹಕ್ಕು ಕೊಟ್ಟಿತು. ಅದರ ಒಳಗಿನ ಎಐ ಚಿತ್ರಗಳಿಗೆ ಕೊಡಲಿಲ್ಲ. 2025ರ ಜನವರಿಯ ವರದಿಯಲ್ಲಿ, ಬರೀ ಪ್ರಾಂಪ್ಟ್ ಕೊಟ್ಟ ಮಾತ್ರಕ್ಕೆ ಹಕ್ಕು ಬರುವುದಿಲ್ಲ ಎಂದಿತು. ಪ್ರಾಂಪ್ಟ್ ಅಂದರೆ ಎಐಗೆ ನಾವು ಬರೆದು ಕೊಡುವ ಸೂಚನೆ.

ಇದರ ಅರ್ಥ ಇಷ್ಟೇ. ಎಐ ಕೊಟ್ಟ ಚಿತ್ರವನ್ನು ಹಾಗೆಯೇ ಪ್ಯಾಕೆಟ್ ಮೇಲೆ ಹಾಕಿದರೆ, ನಾಳೆ ಅಮೆರಿಕದಲ್ಲಿ ಇನ್ನೊಬ್ಬರು ಅದೇ ಚಿತ್ರ ಹಾಕಿಕೊಂಡಾಗ ಮಾಲೀಕರು ಕಾಪಿರೈಟ್ ಹಿಡಿದು ತಡೆಯುವುದು ಕಷ್ಟ. ಟ್ರೇಡ್‌ಮಾರ್ಕ್ ಬೇರೆ ಹಕ್ಕು, ಅದು ಬ್ರ್ಯಾಂಡ್ ಹೆಸರು ಮತ್ತು ಲೋಗೋ ಕಾಯುತ್ತದೆ. ಆದರೆ ಪ್ಯಾಕೆಟ್ಟಿನ ಚಿತ್ರಕ್ಕೆ ದುಡ್ಡು ಕೊಡುವಾಗ ಅದು ಪೂರ್ತಿ ತಮ್ಮದು ಎಂದು ನಂಬಿ ಕೊಡುತ್ತಾರೆ, ಅಲ್ವಾ? ಹಾಗಾಗಿ ಹೇಳಲೇಬೇಕು.

ನಾನು ಮಾಲೀಕರ ಮುಂದೆ ಎರಡು ದಾರಿ ಇಟ್ಟೆ. ಎಐ ಚಿತ್ರವೇ ಸಾಕಾದರೆ ಹಕ್ಕಿನ ವಿಷಯ ಹೀಗೆ. ನಾನೇ ಬಿಡಿಸಬೇಕಾದರೆ ಎರಡು ದಿನ ಜಾಸ್ತಿ, ಹಣ ಅಷ್ಟೇ. ಅವರು ಎರಡನೆಯದನ್ನು ಆರಿಸಿದರು. ಒಳ್ಳೆಯದೇ ಆಯಿತು. ಏಕೆಂದರೆ ಎಐ ಬಿಡಿಸಿದ ಮರದಲ್ಲಿ ಸಿಪ್ಪೆ ತೆಗೆದ ಬಿಳಿ ಬೀಜಗಳು ಕೊಂಬೆಯಿಂದ ನೇರವಾಗಿ ನೇತಾಡುತ್ತಿದ್ದವು. ಬೀಜ ಹಣ್ಣಿನ ತುದಿಯಲ್ಲಿ, ಬೂದು ಸಿಪ್ಪೆಯ ಒಳಗೆ ಇರುತ್ತದೆ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಗೇರುಬೀಜ ಮಾರುವವರ ಪ್ಯಾಕೆಟ್ ಮೇಲೆ ಆ ಚಿತ್ರ ಹೋಗಿದ್ದರೆ ಪೇಟೆಯಲ್ಲಿ ಅವರ ಮರ್ಯಾದೆ ಏನಾಗಬೇಕು?

ಫೋಟೋದಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಗೇರುಬೀಜವನ್ನು ಗ್ರೇಡ್ ಲೆಕ್ಕದಲ್ಲಿ ಮಾರುತ್ತಾರೆ. W320 ಅಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 300ರಿಂದ 320 ಇಡೀ ಬಿಳಿ ಬೀಜ. W240 ಅಂದರೆ 220ರಿಂದ 240. W180 ಇನ್ನೂ ದೊಡ್ಡದು, ರೇಟೂ ಜಾಸ್ತಿ. ನಾನು W320 ಬೀಜದ ಫೋಟೋ ತೆಗೆದು, ಹಿನ್ನೆಲೆಯಲ್ಲಿ ಬಾಳೆ ಎಲೆ ಬರಲಿ ಎಂದು ಎಐಗೆ ಕೊಟ್ಟೆ. ಎಲೆ ಚೆನ್ನಾಗಿ ಬಂತು. ಆದರೆ ಹತ್ತಿರದಿಂದ ನೋಡಿದರೆ ಬಟ್ಟಲಿನಲ್ಲಿದ್ದ ಬೀಜಗಳೂ ದಪ್ಪವಾಗಿದ್ದವು, ಬಣ್ಣ ಹಾಲಿನ ಹಾಗೆ ಬಿಳಿಯಾಗಿತ್ತು, ಚೂರಾದ ಎರಡು ಬೀಜ ಇಡಿಯಾಗಿದ್ದವು. ಬಟ್ಟಲು W180 ಹಾಗೆ ಕಾಣುತ್ತಿತ್ತು. ಅದನ್ನು W320 ಪ್ಯಾಕೆಟ್ ಮೇಲೆ ಹಾಕಿದರೆ ಕೊಳ್ಳುವವರನ್ನು ದಾರಿ ತಪ್ಪಿಸಿದ ಹಾಗೆ. ಬಯ್ಯರಿಗೆ ಹೋದರೆ ಮಾಲು ವಾಪಸ್ ಬರುವ ಜಗಳ.

ಇದನ್ನು ಹಿಡಿಯುವ ರೀತಿ ಹೀಗೆ. ಮೂಲ ಫೋಟೋವನ್ನು ಮತ್ತು ಬದಲಾದ ಫೋಟೋವನ್ನು ಒಂದರ ಮೇಲೊಂದು ಲೇಯರ್ ಆಗಿ ಇಟ್ಟು ಮೇಲಿನದನ್ನು ಆಫ್ ಮಾಡಿ, ಆನ್ ಮಾಡಿ ನೋಡಿ. ಮಾಲು ಒಂದು ಕೂದಲೆಳೆ ಅಲುಗಿದರೂ ಕಣ್ಣಿಗೆ ಬೀಳುತ್ತದೆ. ಈಗ ನಾನು ಮಾಲಿನ ಸುತ್ತ ಮಾಸ್ಕ್ ಹಾಕುತ್ತೇನೆ, ಅಂದರೆ ಆ ಭಾಗವನ್ನು ಮುಟ್ಟದ ಹಾಗೆ ಮುಚ್ಚಿಡುತ್ತೇನೆ. ಹಿನ್ನೆಲೆ ಮಾತ್ರ ಬದಲಾಗಿದೆ ಎಂದು ಪಾರ್ಟಿಗೆ ಒಂದು ಸಾಲು ಹೇಳುತ್ತೇನೆ.

ಬರಹದ ವಿಷಯದಲ್ಲಿ ಹಲವರು ತಪ್ಪಾದ ಕಡೆ ತಲೆ ಕೆಡಿಸಿಕೊಳ್ಳುತ್ತಾರೆ. ಕರಡು ಯಾರು ಬರೆದರು ಅನ್ನುವುದಕ್ಕಿಂತ ಒಳಗೆ ಏನು ಸೇರಿಕೊಂಡಿತು ಅನ್ನುವುದು ಮುಖ್ಯ. ನನ್ನ ಕರಡಿನಲ್ಲಿ ಎಐ ತಾನಾಗಿಯೇ "ಸಾವಯವ" ಎಂದು ಸೇರಿಸಿತ್ತು. ಇನ್ನೊಂದು ಕಡೆ "ಹೃದಯದ ಆರೋಗ್ಯಕ್ಕೆ ಉತ್ತಮ" ಎಂದಿತ್ತು. ಸಾವಯವ ಎಂದು ಪ್ಯಾಕೆಟ್ ಮೇಲೆ ಹಾಕಲು ಪ್ರಮಾಣಪತ್ರ ಬೇಕು. ಆಹಾರದ ಮೇಲೆ ಆರೋಗ್ಯದ ಮಾತು ಬರೆಯಲು ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ಪ್ರಾಧಿಕಾರದ 2018ರ ನಿಯಮಗಳಿವೆ. ಕೆಳಗೆ ಲೈಸೆನ್ಸ್ ನಂಬರ್ ಇರುವುದು ಮಾಲೀಕರದು. ತಪ್ಪಾದರೆ ನೋಟಿಸ್ ಬರುವುದು ಅವರಿಗೆ. ಹಾಗಾಗಿ ಕರಡಿಗೆ ಎಐ ಬಳಸಿದ್ದೇನೆ ಎಂದು ಹೇಳಿ, ಗುಣ, ಅಂಕಿ, ಪ್ರಮಾಣಪತ್ರ ಇರುವ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿ ಅವರಿಗೆ ಕಳಿಸಿದೆ. "ಹಳದಿ ಇರುವುದನ್ನೆಲ್ಲ ನೀವೇ ಓದಿ ಸರಿ ಅನ್ನಬೇಕು" ಎಂದೆ. ಎಐ ಬಳಸಿದ್ದನ್ನು ಮುಚ್ಚಿಟ್ಟಿದ್ದರೆ ಅವರು ಅಷ್ಟು ಎಚ್ಚರದಿಂದ ಓದುತ್ತಿರಲಿಲ್ಲ.

ಇನ್ನು ದರಪಟ್ಟಿ. ಪಾರ್ಟಿ ಕೊಟ್ಟ ಕಾಗದ ಎಐಗೆ ಹಾಕುವ ಮೊದಲು ಒಪ್ಪಿಗೆ ಬೇಕು. ಹಾಕಿದ ಮೇಲೆ ಹೇಳಿ ಪ್ರಯೋಜನ ಇಲ್ಲ. ಚಾಟ್‌ಜಿಪಿಟಿಯಲ್ಲಿ `Settings` ಒಳಗೆ `Data controls` ಉಂಟು. ಅಲ್ಲಿ `Improve the model for everyone` ಆಫ್ ಮಾಡಿದರೆ ನೀವು ಹಾಕಿದ್ದನ್ನು ತರಬೇತಿಗೆ ಬಳಸುವುದಿಲ್ಲ. ಆದರೆ ಅದು ಅವರ ಸರ್ವರಿಗೆ ಹೋಗುವುದು ತಪ್ಪುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ "ಎಲ್ಲ ಸುರಕ್ಷಿತ" ಎಂದು ಪಾರ್ಟಿಗೆ ಹೇಳಬೇಡಿ. ಗುಟ್ಟಿನ ಕಾಗದವನ್ನು ಹಾಕದೇ ಇರುವುದೇ ಸರಿ.

ಹಂತ 4: ಕೊಟೇಷನ್‌ನಲ್ಲೇ ನಾಲ್ಕು ಸಾಲು ಬರೆಯಿರಿ

ಹೇಳುವ ಜಾಗ ಕೊಟೇಷನ್. ಪ್ರೂಫ್ ಕಳಿಸುವಾಗ ಹೇಳಿದರೆ ಕ್ಷಮೆ ಕೇಳಿದ ಹಾಗೆ ಆಗುತ್ತದೆ, ಬಿಲ್ ಕಳಿಸುವಾಗ ಹೇಳಿದರೆ ಜಗಳ. ನಾನು ಬರೆದದ್ದು ಹೀಗೆ:

> ಈ ಕೆಲಸದಲ್ಲಿ ಮೊದಲ ಯೋಚನೆಗಳಿಗೆ ಮತ್ತು ಕೆಟಲಾಗಿನ ಕರಡು ಬರಹಕ್ಕೆ ಎಐ ಬಳಸುತ್ತೇನೆ. ಲೋಗೋ ಮತ್ತು ಪ್ಯಾಕೆಟ್ ಮುಖದ ಚಿತ್ರ ನಾನೇ ಬಿಡಿಸುತ್ತೇನೆ. ಫೋಟೋದಲ್ಲಿ ಮಾಲು ನಿಮ್ಮದೇ, ಹಿನ್ನೆಲೆ ಮಾತ್ರ ಬದಲಾಗಿರುತ್ತದೆ. ನಿಮ್ಮ ದರಪಟ್ಟಿ, ಬಯ್ಯರ್ ವಿವರ ಯಾವ ಎಐಗೂ ಹಾಕುವುದಿಲ್ಲ.

ಇಷ್ಟು ಸಾಕು. ಯಾವ ಆ್ಯಪ್, ಯಾವ ವರ್ಷನ್, ಎಷ್ಟು ಪ್ರಾಂಪ್ಟ್ ಎಂದು ಪಟ್ಟಿ ಕೊಡಬೇಡಿ. ಪಟ್ಟಿ ನೋಡಿದ ಪಾರ್ಟಿಗೆ ಗಾಬರಿ ಆಗುತ್ತದೆ, ಬೇಕಾದ ವಿಷಯ ಅದರೊಳಗೆ ಕಳೆದುಹೋಗುತ್ತದೆ. "ಅಗತ್ಯವಿದ್ದಲ್ಲಿ ಆಧುನಿಕ ತಂತ್ರಜ್ಞಾನ ಬಳಸಲಾಗುವುದು" ಎಂಬ ಮಂಜು ಮಂಜಾದ ಸಾಲೂ ಬೇಡ. ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ನಾಳೆ ತಕರಾರು ಬಂದರೆ ನಿಮ್ಮನ್ನೂ ಅದು ಕಾಯುವುದಿಲ್ಲ.

"ಎಐ ಮುಟ್ಟಿಯೇ ಇಲ್ಲ" ಎಂದು ಎಂದಿಗೂ ಬರೆದುಕೊಡಬೇಡಿ. ಈಗ ಫೋಟೋಶಾಪ್, ಕ್ಯಾನ್ವಾ ಒಳಗೇ ಎಐ ಕೂತಿದೆ. ಒಂದು ಕಲೆ ಅಳಿಸುವಾಗಲೂ ಅದನ್ನು ಬಳಸಿರಬಹುದು.

ಹಂತ 5: ರೇಟಿನ ಮಾತಿಗೆ ತಯಾರಾಗಿ

ಕೊಟೇಷನ್ ಓದಿದ ಮಾಲೀಕರು ಅದೇ ಸಂಜೆ ಫೋನ್ ಮಾಡಿದರು.

"ಎಂತ ಮಾರಾಯ್ರೆ, ಎಐ ಬರೆಯುವುದಾದ್ರೆ ನಿಮಗೆ ಯಾಕೆ ಅಷ್ಟು ಕೊಡಬೇಕು? ನನ್ನ ಮಗಳೇ ಫೋನಲ್ಲಿ ಮಾಡ್ತಾಳೆ."

"ಕರಡು ಬರಲಿಕ್ಕೆ ಒಂದು ಗಂಟೆಯೂ ಬೇಡ ಸಾರ್. ಅದರಲ್ಲಿ ನಿಮ್ಮ ಮಾಲಿಗೆ ಸರಿಯಾದದ್ದು ಯಾವುದು, ಪ್ಯಾಕೆಟಿಗೆ ಹಾಕಬಾರದ್ದು ಯಾವುದು ಅಂತ ನೋಡಿ ಸರಿ ಮಾಡಲಿಕ್ಕೆ ಒಂದೂವರೆ ದಿನ ಬೇಕು. ಮೊದಲು ಮೂರು ದಿನ ಹಿಡೀತಿತ್ತು. ಅದಕ್ಕೇ ನಿಮಗೆ ದೀಪಾವಳಿಗೆ ಮೊದಲೇ ಕೊಡ್ತೇನೆ ಅಂದದ್ದು."

"ಆಯ್ತು. ಆದ್ರೆ ತಪ್ಪಾದ್ರೆ?"

"ನಾನು ಬರೆದದ್ದರಲ್ಲಿ ತಪ್ಪಾದ್ರೆ ನಾನೇ ಸರಿ ಮಾಡಿಕೊಡ್ತೇನೆ. ಪ್ರಿಂಟಿಗೆ ಹೋಗುವ ಮೊದಲು ಹಳದಿ ಸಾಲು ಮಾತ್ರ ನೀವು ನೋಡಬೇಕು."

ರೇಟು 48,000ದಲ್ಲೇ ನಿಂತಿತು. ಕೆಲಸಕ್ಕೆ ಇಷ್ಟು ಅಂತ ಮಾತಾಗಿದ್ದರೆ ಬೇಗ ಮುಗಿಸಿದ್ದಕ್ಕೆ ನೀವು ಹಣ ಕಡಿಮೆ ಮಾಡಬೇಕಾಗಿಲ್ಲ. ಆದರೆ ಗಂಟೆ ಲೆಕ್ಕದ ಕೆಲಸವಾದರೆ ಮಾತೇ ಬೇರೆ. ಹತ್ತು ಗಂಟೆಯ ಕೆಲಸ ನಾಲ್ಕು ಗಂಟೆಯಲ್ಲಿ ಆದರೆ ಬಿಲ್‌ನಲ್ಲಿ ನಾಲ್ಕೇ ಬರಬೇಕು. ಅಲ್ಲಿ ಹತ್ತು ಎಂದು ಬರೆದರೆ ಅದು ಸುಳ್ಳು ಬಿಲ್. ಎಐ ಬಂದ ಮೇಲೆ ಗಂಟೆ ಲೆಕ್ಕ ನಿಮಗೆ ಗಿಟ್ಟದಿದ್ದರೆ, ಮುಂದಿನ ಕೆಲಸದಿಂದ ಕೆಲಸಕ್ಕೆ ಇಷ್ಟು ಎಂದು ಮಾತಾಡಿಕೊಳ್ಳಿ.

ಕೆಲವರು ಎಐ ಬೇಡವೇ ಬೇಡ ಅನ್ನುತ್ತಾರೆ. ಹಾಗಾದರೆ ಎಷ್ಟು ದಿನ ಜಾಸ್ತಿ, ಎಷ್ಟು ಹಣ ಜಾಸ್ತಿ ಎಂದು ಹೇಳಿ. ಒಪ್ಪಿದರೆ ನಿಜವಾಗಿಯೂ ಬಳಸದೇ ಮಾಡಿ. ಒಪ್ಪಿ ಕದ್ದು ಬಳಸುವುದಕ್ಕಿಂತ ಆ ಕೆಲಸ ಬಿಡುವುದು ಒಳ್ಳೆಯದು.

ಹಂತ 6: ಒಪ್ಪಿಸುವಾಗ ಹಕ್ಕಿನ ಪತ್ರ ಕೊಡಿ

ನಮ್ಮಲ್ಲಿ ಹೆಚ್ಚಿನವರು ಫೈಲ್ ಕಳಿಸಿ, ಹಣ ತೆಗೆದುಕೊಂಡು ಸುಮ್ನೆ ಆಗುತ್ತಾರೆ. ಕಾಪಿರೈಟ್ ಇನ್ನೊಬ್ಬರಿಗೆ ಬರೆದುಕೊಡುವುದು ಲಿಖಿತವಾಗಿ, ಸಹಿ ಹಾಕಿ ಆಗಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ. ಜಾಗ ಬರೆಯದಿದ್ದರೆ ಭಾರತ ಮಾತ್ರ ಎಂದು ಹಿಡಿಯುತ್ತದೆ. ಅಮೆರಿಕಕ್ಕೆ ಮಾಲು ಕಳಿಸುವವರಿಗೆ ಇದು ಸಾಲುವುದಿಲ್ಲ. "ಇಡೀ ಜಗತ್ತಿಗೆ, ಹಕ್ಕು ಇರುವ ಪೂರ್ತಿ ಅವಧಿಗೆ" ಎಂದು ಬರೆಯಿರಿ. ಯಾವುದು ಕೈಯಿಂದ ಬಿಡಿಸಿದ್ದು, ಯಾವುದರಲ್ಲಿ ಎಐ ಭಾಗ ಇದೆ ಎಂದು ಅದೇ ಪತ್ರದಲ್ಲಿ ನೋಟ್‌ಬುಕ್ ನೋಡಿ ಸೇರಿಸಿ. ನಿಮ್ಮ ಹತ್ತಿರ ಇಲ್ಲದ ಹಕ್ಕನ್ನು ಬರೆದುಕೊಡಬೇಡಿ.

ಕಚ್ಚಾ ರೇಖಾಚಿತ್ರ, ಲೇಯರ್ ಇರುವ ಮೂಲ ಫೈಲ್ ಉಳಿಸಿಕೊಳ್ಳಿ. ನೀವೇ ಬಿಡಿಸಿದ್ದು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬರಹವನ್ನು ಎಐ ಪತ್ತೆ ಮಾಡುವ ಆ್ಯಪ್‌ಗಳಿಗೆ ಹಾಕಿ "ನೋಡಿ, ಮನುಷ್ಯರೇ ಬರೆದದ್ದು ಅಂತ ಬಂತು" ಎಂದು ತೋರಿಸಬೇಡಿ. ಅವುಗಳನ್ನು ನಂಬಲಾಗುವುದಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಆ್ಯಪನ್ನು ಸರಿಯಾಗಿ ಗುರುತಿಸುವುದಿಲ್ಲ ಎಂದು 2023ರ ಜುಲೈಯಲ್ಲಿ ನಿಲ್ಲಿಸಿತು.

ಚಿತ್ರದ ಕಥೆ ಬೇರೆ. ಅಡೋಬಿ ಫೈರ್‌ಫ್ಲೈಯಂಥವು ಫೈಲಿನ ಒಳಗೇ ಎಐ ಬಳಸಿದ ಗುರುತು ಸೇರಿಸುತ್ತವೆ. ಇದನ್ನು ಕಂಟೆಂಟ್ ಕ್ರೆಡೆನ್ಶಿಯಲ್ಸ್ ಅನ್ನುತ್ತಾರೆ. ಬಯ್ಯರ್ ಕಡೆಯವರು `contentcredentials.org/verify` ತೆರೆದು ಫೈಲ್ ಹಾಕಿದರೆ ಗೊತ್ತಾಗಬಹುದು. ನೀವು ಹೇಳದ ವಿಷಯ ಪಾರ್ಟಿಗೆ ಬಯ್ಯರ್ ಬಾಯಿಂದ ತಿಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು.

ಹಂತ 7: ಹಿಂದೆ ಹೇಳದೆ ಬಿಟ್ಟಿದ್ದರೆ

ಹಳೆಯ ಕೆಲಸಗಳನ್ನೆಲ್ಲ ಅಗೆಯಬೇಕಾಗಿಲ್ಲ. ಇನ್ನೂ ಬಳಕೆಯಲ್ಲಿ ಇರುವುದನ್ನು ಮಾತ್ರ ಅದೇ ಅಳತೆಗೆ ಹಾಕಿ. ಎಐ ಚಿತ್ರ ಹಾಗೆಯೇ ಹೋದ ಪ್ಯಾಕೆಟ್, ಮಾಲು ಬದಲಾದ ಫೋಟೋ, ಎಐಗೆ ಹಾಕಿದ ಗುಟ್ಟಿನ ಕಾಗದ ಇದ್ದರೆ ಫೋನ್ ಮಾಡಿ ಹೇಳಿ. ವಾಟ್ಸಾಪ್‌ನಲ್ಲಿ ಉದ್ದ ಮೆಸೇಜ್ ಬೇಡ, ಧ್ವನಿ ಕೇಳಲಿ. ಹೇಳುವಾಗ ಪರಿಹಾರವೂ ಕೈಯಲ್ಲಿರಲಿ: "ಮುಂದಿನ ಪ್ರಿಂಟಿಗೆ ಮೊದಲು ಈ ಚಿತ್ರ ಹೊಸದಾಗಿ ಬಿಡಿಸಿಕೊಡ್ತೇನೆ, ಹಣ ಬೇಡ."

ನಾನೂ ಒಮ್ಮೆ ಹೀಗೆ ಫೋನ್ ಮಾಡಿದ್ದೇನೆ. ಒಂದು ಹೋಟೆಲಿನ ಮೆನು. ನೀರುದೋಸೆಯ ಜಾಗದಲ್ಲಿ ಎಐ ಚಿತ್ರ ಹಾಕಿ ಹೇಳದೆ ಬಿಟ್ಟಿದ್ದೆ. ಅದು ಅಂಚು ಕೆಂಪಾದ ಗರಿಗರಿ ದೋಸೆಯ ಹಾಗಿತ್ತು. ಹೇಳಿದಾಗ ಮಾಲೀಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ, ಬಿಸಿ ಬಿಸಿ ಹೊಯ್ಯುವಾಗಲೇ ಫೋಟೋ ತೆಗೀರಿ" ಅಂದರು. ಆ ಫೋಟೋ ಈಗಲೂ ಅವರ ಮೆನುವಿನಲ್ಲಿದೆ.